ಸಹೋದ್ಯೋಗಿಗೆ ಬಡ್ತಿ: ಅಭಿನಂದನೆಯ ನಾಲ್ಕು ಸಾಲು ಬರೆಯುವುದು ಹೇಗೆ?

ಹಣಕಾಸು ವರ್ಷ ಮುಗಿದು ಏಪ್ರಿಲ್, ಮೇ ಬರುತ್ತಿದ್ದಂತೆ ಬೆಂಗಳೂರಿನ ಬಹಳಷ್ಟು ಕಂಪನಿಗಳಲ್ಲಿ ಬಡ್ತಿಯ ಪತ್ರಗಳು ಕೈಸೇರುತ್ತವೆ. ಅದರ ಬೆನ್ನಿಗೇ ಲಿಂಕ್ಡ್‌ಇನ್ ತುಂಬ ಹೊಸ ಹುದ್ದೆಯ ಪ್ರಕಟಣೆಗಳು. ಪ್ರತಿಯೊಂದರ ಕೆಳಗೂ ‘ಅಭಿನಂದನೆಗಳು’, ‘ಅರ್ಹರಿಗೆ ಸಂದ ಗೌರವ’ ಎಂಬ ಸಾಲುಗಳು ಸಾಲುಗಟ್ಟುತ್ತವೆ. ಇವುಗಳಲ್ಲಿ ಕೆಲವನ್ನು ಬರೆಯುವ ಕಷ್ಟವೂ ಇಲ್ಲ. ಲಿಂಕ್ಡ್‌ಇನ್ ತಾನೇ ಸಿದ್ಧ ವಾಕ್ಯಗಳನ್ನು ಮುಂದಿಡುತ್ತದೆ, ಒಮ್ಮೆ ಒತ್ತಿದರೆ ಸಾಕು. ದೂರದ ಪರಿಚಯಕ್ಕೆ ಅಷ್ಟು ಸಾಲಬಹುದು. ಆದರೆ ಎರಡು ವರ್ಷ ಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡಿದವರಿಗೂ ಅದನ್ನೇ ಕಳುಹಿಸಿದರೆ, ಅವರ ಕೆಲಸವನ್ನು ನಾವು ಗಮನಿಸಿಯೇ ಇರಲಿಲ್ಲ ಎಂದಂತಾಗುತ್ತದೆ.

ಉದಾಹರಣೆಗೆ, ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಚೇರಿ ಎಂದಿಟ್ಟುಕೊಳ್ಳೋಣ. ಅಂಗಡಿಗಳಿಗೆ ಬಿಲ್ಲಿಂಗ್ ವ್ಯವಸ್ಥೆ ಮಾಡಿಕೊಡುವ ತಂಡ. ಅಲ್ಲಿ ನಿಮಗಿಂತ ಸ್ವಲ್ಪ ಹಿರಿಯರಾದ ಶ್ವೇತಾ ಎಂಬುವರು ಈಗ ಟೀಮ್ ಲೀಡ್ ಆಗಿ ಬಡ್ತಿ ಪಡೆದಿದ್ದಾರೆ.

ಮೊದಲು ಅವರ ಪೋಸ್ಟ್ ಓದಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಹೊಸ ಹುದ್ದೆಯ ಹೆಸರೇನು, ಅದೇ ಕಂಪನಿಯೊಳಗಿನ ಬಡ್ತಿಯೋ ಅಥವಾ ಬೇರೆ ಕಡೆ ಸೇರಿದ್ದಾರೋ, ಯಾರಿಗೆ ಧನ್ಯವಾದ ಹೇಳಿದ್ದಾರೆ ಎಂಬುದನ್ನು ನೋಡಿ. ಅವರು ತಂಡವನ್ನು ನೆನೆದಿದ್ದರೆ, ಆ ತಂಡದಲ್ಲಿದ್ದವರಾಗಿ ನೀವು ಮಾತನಾಡಬಹುದು. ಇದ್ದ ಕಂಪನಿ ಬಿಟ್ಟು ಹೊಸ ಕಡೆ ಹೋಗಿರುವವರನ್ನು ‘ಬಡ್ತಿಗೆ ಅಭಿನಂದನೆ’ ಎಂದು ಹರಸಿದರೆ, ಪೋಸ್ಟ್ ಓದದೆ ಬರೆದಿರುವುದು ಗೊತ್ತಾಗಿಬಿಡುತ್ತದೆ.

ಒಂದು ಘಟನೆ ಹುಡುಕಿ, ಗುಣ ಹುಡುಕಬೇಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ‘ಶ್ವೇತಾ ಹೇಗಿರುವವರು?’ ಎಂದು ಕೇಳಿಕೊಂಡರೆ ಮನಸ್ಸಿಗೆ ಬರುವುದು ಪರಿಶ್ರಮಿ, ತಾಳ್ಮೆಯವರು, ಸ್ನೇಹಪರರು ಎಂಬ ಪದಗಳು. ಇವು ಸುಳ್ಳಲ್ಲ, ಆದರೆ ಯಾರಿಗೆ ಬೇಕಾದರೂ ಹೊಂದುತ್ತವೆ. ಪ್ರಶ್ನೆಯನ್ನು ಹೀಗೆ ಬದಲಿಸಿ: ‘ಶ್ವೇತಾ ಮಾಡಿದ ಯಾವ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ? ಅದರಿಂದ ನನ್ನ ಕೆಲಸದಲ್ಲಿ ಏನು ಬದಲಾಯಿತು?’

ದೊಡ್ಡ ಸಾಧನೆಯೇ ಬೇಕಿಲ್ಲ. ದೊಡ್ಡದನ್ನು ಮೇಲಧಿಕಾರಿಗಳು ಹೇಗೂ ಹೇಳುತ್ತಾರೆ. ಅವರ ಕಣ್ಣಿಗೆ ಬೀಳದ, ಜೊತೆಗಿದ್ದವರಿಗೆ ಮಾತ್ರ ಗೊತ್ತಿರುವ ಸಣ್ಣ ಸಂಗತಿಗೇ ಬೆಲೆ ಹೆಚ್ಚು. ರಜೆಗೆ ಹೋಗುವ ಮುನ್ನ ಉಳಿದವರು ಪರದಾಡದಂತೆ ಬರೆದಿಟ್ಟ ಟಿಪ್ಪಣಿ ಇರಬಹುದು, ಸಭೆಯಲ್ಲಿ ಬಾಯಿಬಿಡಲು ಹಿಂಜರಿಯುತ್ತಿದ್ದ ಹೊಸಬರನ್ನು ಹೆಸರು ಹಿಡಿದು ಕೇಳಿದ್ದಿರಬಹುದು. ನೆನಪಾಗದಿದ್ದರೆ ಹಳೆಯ ಇಮೇಲ್, ತಂಡದ ಚಾಟ್‌ನಲ್ಲಿ ಅವರ ಹೆಸರು ಹಾಕಿ ಹುಡುಕಿ ನೋಡಿ. ಏನಾದರೊಂದು ಸಿಕ್ಕೇ ಸಿಗುತ್ತದೆ.

ಶ್ವೇತಾ ವಿಷಯದಲ್ಲಿ ನಿಮಗೆ ಸಿಕ್ಕ ಘಟನೆ ಇದು ಎನ್ನೋಣ. ನೀವು ಸೇರಿದ ಹೊಸದರಲ್ಲಿ ಒಂದು ಸಂಜೆ ಬಿಲ್ಲಿಂಗ್ ನಿಂತುಹೋಯಿತು. ಎಲ್ಲರೂ ಕಾರಣ ಊಹಿಸುತ್ತಿದ್ದಾಗ ಅವರು, ‘ಕೊನೆಯ ಸರಿಯಾದ ಬಿಲ್ ಎಷ್ಟು ಗಂಟೆಗೆ ಬಂದಿದೆ?’ ಎಂದು ಕೇಳಿದರು. ಆ ಹೊತ್ತಿಗೆ ಏನು ಬದಲಾಗಿತ್ತು ಎಂದು ನೋಡಿದಾಗ ದೋಷ ಸಿಕ್ಕಿತು.

ಬರೆದು, ಕತ್ತರಿಸಿ

ಈಗ ಬರೆಯಿರಿ. ಮೊದಲ ಕರಡು ಉದ್ದವಾದರೂ ಚಿಂತೆಯಿಲ್ಲ. ಅದು ಬಹುಶಃ ಹೀಗಿರುತ್ತದೆ:

‘ಅಭಿನಂದನೆಗಳು ಶ್ವೇತಾ! ಕೊನೆಗೂ ನಿಮಗೆ ಸಿಗಬೇಕಾದದ್ದು ಸಿಕ್ಕಿತು. ನಮ್ಮ ದೊಡ್ಡ ಗ್ರಾಹಕರ ಬಿಲ್ಲಿಂಗ್ ನಿಂತಾಗ ಬೇರೆಯವರು ತಪ್ಪಾಗಿ ಮಾಡಿದ್ದನ್ನು ನೀವೇ ಸರಿಪಡಿಸಿದಿರಿ. ನಾನಂತೂ ಆಗ ಊರಿನಿಂದ ಬಂದು ಬಹಳ ಕಷ್ಟಪಡುತ್ತಿದ್ದೆ. ಮನೆ, ಮಕ್ಕಳು, ಕೆಲಸ ಎಲ್ಲವನ್ನೂ ನಿಭಾಯಿಸುವ ನೀವು ಇನ್ನೂ ಎತ್ತರಕ್ಕೆ ಏರಿ!’

ಪ್ರೀತಿಯಿಂದ ಬರೆದದ್ದೇ, ಅನುಮಾನವಿಲ್ಲ. ಆದರೂ ತೊಂದರೆಗಳಿವೆ. ‘ಕೊನೆಗೂ’ ಎಂದಾಗ ಇಷ್ಟು ದಿನ ಕೊಡದೇ ಇದ್ದರು ಎಂಬ ದೂರು ಇಣುಕುತ್ತದೆ. ಅವರ ಮೇಲಧಿಕಾರಿ ಅದನ್ನು ಓದುತ್ತಾರೆ, ಉತ್ತರಿಸಬೇಕಾದ ಇಕ್ಕಟ್ಟು ಶ್ವೇತಾ ಅವರದು. ಗ್ರಾಹಕರ ವ್ಯವಸ್ಥೆ ಕೆಟ್ಟಿದ್ದನ್ನು ಬಹಿರಂಗವಾಗಿ ಬರೆಯುವುದು ಕಂಪನಿಯ ಗೋಪ್ಯತೆಯ ನಿಯಮಕ್ಕೆ ಧಕ್ಕೆ ತರಬಹುದು. ಹೆಸರು ಹೇಳದಿದ್ದರೂ ‘ದೊಡ್ಡ ಗ್ರಾಹಕ’ ಯಾರೆಂದು ಗೊತ್ತಿರುವವರು ಇದ್ದೇ ಇರುತ್ತಾರೆ. ‘ಬೇರೆಯವರು’ ಅದೇ ತಂಡದಲ್ಲಿದ್ದಾರೆ, ಒಬ್ಬರ ಸಂತೋಷದ ನಡುವೆ ಇನ್ನೊಬ್ಬರ ತಲೆ ತಗ್ಗಿಸಿದಂತಾಯಿತು. ನಿಮ್ಮ ಕಷ್ಟದ ಸಾಲು ಗಮನವನ್ನು ನಿಮ್ಮ ಕಡೆಗೆ ಎಳೆಯುತ್ತದೆ.

ಮನೆ, ಮಕ್ಕಳ ಮಾತು ನನಗೆ ಇನ್ನೂ ಹೆಚ್ಚು ನೋವು ಕೊಡುತ್ತದೆ. ಬಡ್ತಿ ಪಡೆದ ಗಂಡಸಿಗೆ ಯಾರೂ ಇದನ್ನು ಬರೆಯುವುದಿಲ್ಲ. ಪೋಸ್ಟಿನಲ್ಲಿ ಅವರೇ ಹೇಳಿಕೊಂಡಿದ್ದರೆ ಹೊರತು ಈ ಮಾತು ಬೇಡ. ಮೆಚ್ಚುಗೆ ಅವರ ಕೆಲಸಕ್ಕೆ ಸಲ್ಲಲಿ.

ಕತ್ತರಿಸಿ ಉಳಿದದ್ದನ್ನು ಜೋಡಿಸಿದರೆ:

‘ಶ್ವೇತಾ, ಹೃತ್ಪೂರ್ವಕ ಅಭಿನಂದನೆಗಳು. ನಾನು ತಂಡಕ್ಕೆ ಸೇರಿದ ಹೊಸದರಲ್ಲಿ ಒಂದು ದೋಷದ ಕಾರಣವನ್ನು ಎಲ್ಲರೂ ಊಹಿಸುತ್ತಿದ್ದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ: “ಕೊನೆಯ ಬಾರಿ ಸರಿಯಿದ್ದದ್ದು ಎಷ್ಟು ಗಂಟೆಗೆ?” ಈಗಲೂ ಏನೇ ಕೆಟ್ಟರೂ ನಾನು ಮೊದಲು ನೋಡುವುದು ಅದನ್ನೇ. ನಿಮ್ಮ ತಂಡಕ್ಕೆ ಬರುವ ಹೊಸಬರಿಗೂ ಆ ಪ್ರಶ್ನೆ ಸಿಗುತ್ತದೆ ಎಂಬುದು ನನಗೆ ಬಹಳ ಸಂತೋಷ.’

ಇದರ ಕಟ್ಟು ಗಮನಿಸಿ. ಶುಭಾಶಯ ಮೊದಲ ಸಾಲಿನಲ್ಲೇ ಮುಗಿದಿದೆ. ನಂತರ ಅವರು ಮಾಡಿದ್ದು, ಅದರಿಂದ ನಿಮಗಾದದ್ದು, ಕೊನೆಗೆ ಹೊಸ ಹುದ್ದೆಗೆ ಅದರ ನಂಟು. ಟೀಮ್ ಲೀಡ್ ಎಂದರೆ ಹೊಸಬರನ್ನು ತಿದ್ದುವ ಜವಾಬ್ದಾರಿ. ನೀವು ನೆನೆದ ಘಟನೆಯೂ ಅದನ್ನೇ ತೋರಿಸುತ್ತದೆ. ಬಡ್ತಿ ಏಕೆ ಸರಿ ಎಂಬುದು, ‘ಅರ್ಹರು’ ಎನ್ನದೆಯೂ ಓದುವವರಿಗೆ ತಿಳಿಯುತ್ತದೆ. ಇದಕ್ಕಿಂತ ಬೆಳೆಸಬೇಡಿ. ಉದ್ದದ ಕಾಮೆಂಟುಗಳು ಕೆಲವು ಸಾಲುಗಳ ಬಳಿಕ ಮಡಚಿಕೊಳ್ಳುತ್ತವೆ, ಮುಂದಿನದನ್ನು ಬಿಡಿಸಿ ಓದುವವರು ಕಡಿಮೆ.

ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಶ್ವೇತಾ ಹೆಸರಿನ ಜಾಗದಲ್ಲಿ ಇನ್ನೊಬ್ಬ ಸಹೋದ್ಯೋಗಿಯ ಹೆಸರಿಟ್ಟು ಓದಿ. ಬರಹ ಹಾಗೆಯೇ ನಿಂತರೆ ಘಟನೆ ಇನ್ನೂ ಮಸುಕಾಗಿದೆ ಎಂದರ್ಥ.

ಸಂಬೋಧನೆ, ಭಾಷೆ

ಕಚೇರಿಯಲ್ಲಿ ಎದುರಿಗೆ ಹೇಗೆ ಕರೆಯುತ್ತೀರೋ ಇಲ್ಲಿಯೂ ಹಾಗೆಯೇ ಕರೆಯಿರಿ. ‘ಮೇಡಂ’ ಎನ್ನುತ್ತಿದ್ದರೆ ಮೇಡಂ, ಬರಿ ಹೆಸರಾದರೆ ಹೆಸರು. ಏಕವಚನದ ಗೆಳೆತನವಿದ್ದರೂ ಅವರ ಹೊಸ ತಂಡದವರು ಓದುವ ಜಾಗದಲ್ಲಿ ‘ನೀವು’ ಒಳ್ಳೆಯದು. ಕನ್ನಡ ಬಲ್ಲವರಿಗೆ ಕನ್ನಡದಲ್ಲಿ ಬರೆಯಲು ಸಂಕೋಚ ಬೇಡವೇ ಬೇಡ. ನೂರು ಇಂಗ್ಲಿಷ್ ಸಾಲುಗಳ ನಡುವೆ ಅದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ತಂಡದಲ್ಲಿ ಕನ್ನಡ ಬಾರದವರು ಹೆಚ್ಚಿದ್ದು, ಅವರೂ ಆ ಘಟನೆ ತಿಳಿಯಬೇಕು ಎನಿಸಿದರೆ ಇಂಗ್ಲಿಷಿನಲ್ಲಿ ಬರೆಯಿರಿ. ಹೆಜ್ಜೆಗಳು ಅವೇ.

ಒಟ್ಟಿಗೆ ಕೆಲಸವನ್ನೇ ಮಾಡಿಲ್ಲದವರಿಗೆ ಘಟನೆ ಕಟ್ಟಲು ಹೋಗಬೇಡಿ. ‘ನಿಮ್ಮ ಜೊತೆ ಕೆಲಸ ಮಾಡುವ ಅವಕಾಶ ಸಿಗಲಿಲ್ಲ, ಹೊಸ ಜವಾಬ್ದಾರಿಗೆ ಶುಭವಾಗಲಿ’ ಎಂಬ ಒಂದು ಸಾಲು ಪ್ರಾಮಾಣಿಕ. ಇನ್ನು ಅದೇ ಹುದ್ದೆಯ ನಿರೀಕ್ಷೆಯಲ್ಲಿ ನೀವೂ ಇದ್ದಿರಾದರೆ ಅದೇ ದಿನ ಬರೆಯಲೇಬೇಕೆಂದೇನಿಲ್ಲ. ಎರಡು ದಿನ ಕಳೆದ ಮೇಲೆ, ನಿಜವಾಗಿ ಮೆಚ್ಚಿದ ಒಂದು ಸಂಗತಿ ಮನಸ್ಸಿಗೆ ಬಂದಾಗ ಬರೆಯಿರಿ. ತಡವಾಗಿ ಬಂದದ್ದೆಂದು ಯಾರೂ ಬೇಸರಿಸುವುದಿಲ್ಲ.

ಕರಡಿನಿಂದ ಕತ್ತರಿಸಿದ ಸಾಲುಗಳಲ್ಲಿ ಕೆಲವು ಅವರಿಗೆ ತಲುಪಲೇಬೇಕಾದವು. ಊರಿನಿಂದ ಬಂದ ಹೊಸದರ ನಿಮ್ಮ ಕಷ್ಟ, ಆಗ ಅವರು ಕೊಟ್ಟ ಧೈರ್ಯ, ಬಡ್ತಿ ಇನ್ನೂ ಮೊದಲೇ ಬರಬೇಕಿತ್ತು ಎಂಬ ನಿಮ್ಮ ಅನಿಸಿಕೆ. ಅವನ್ನು ಖಾಸಗಿ ಸಂದೇಶದಲ್ಲಿ ಬರೆಯಿರಿ, ಇಲ್ಲವೇ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಾಫಿಗೆ ಕರೆದು ಹೇಳಿ.