ಸ್ವಇಚ್ಛಾ ಹೇಳಿಕೆಯಲ್ಲಿ ಉಳಿದದ್ದು ಒಂದೇ ವಾಕ್ಯ

ಕೊಡಗಿನ ಕೋರ್ಟುಗಳಲ್ಲಿ ನಾನು ಹೆಚ್ಚಾಗಿ ಆರೋಪಿಗಳ ಪರ ಕೇಸು ನಡೆಸುತ್ತೇನೆ. ಚಾರ್ಜ್‌ಶೀಟ್ ಕೈಗೆ ಬಂದರೆ ಮೊದಲು ತೆಗೆದು ಓದುವುದು ಆರೋಪಿಯ ಸ್ವಇಚ್ಛಾ ಹೇಳಿಕೆಯನ್ನು, ಅಂದರೆ ಅವನೇ ಇಷ್ಟಪಟ್ಟು ಹೇಳಿದ ಅಂತ ಪೊಲೀಸರು ಬರೆದುಕೊಂಡದ್ದನ್ನು. ಆಫೀಸಿಗೆ ಬರುವ ಕಾನೂನು ವಿದ್ಯಾರ್ಥಿಗಳೂ ಅದನ್ನೇ ಓದಿ, "ಸರ್, ಎಲ್ಲಾ ಒಪ್ಕೊಂಡಿದ್ದಾನಲ್ಲ, ಇನ್ನೇನಿದೆ?" ಅನ್ನುತ್ತಾರೆ. ಅವರಿಗೆ ನಾನು ತೋರಿಸುವುದು ಒಂದು ಕಾಳುಮೆಣಸಿನ ಕಳ್ಳತನದ ಕೇಸು.

ಎಸ್ಟೇಟ್ ಗೋದಾಮಿನ ಬೀಗ ಒಡೆದು ಎರಡು ಚೀಲ ಮೆಣಸು ಕದ್ದ ಆರೋಪ. ಸಿಕ್ಕಿಬಿದ್ದವನು ಅಸ್ಸಾಂನಿಂದ ಕೆಲಸಕ್ಕೆ ಬಂದ ಹುಡುಗ. ಹೇಳಿಕೆಯ ಸಾರ ಹೀಗಿತ್ತು: "ನಾನೂ ನನ್ನ ಸ್ನೇಹಿತನೂ ಬೀಗ ಒಡೆದು ಎರಡು ಚೀಲ ಮೆಣಸು ಕದ್ದೆವು. ಒಂದನ್ನು ಮಾರಿ ಹಣ ಹಂಚಿಕೊಂಡೆವು. ಕದ್ದ ಇನ್ನೊಂದು ಚೀಲವನ್ನು ಲೈನ್ ಮನೆಯ ಹಿಂದೆ ಸೌದೆ ರಾಶಿಯೊಳಗೆ ಬಚ್ಚಿಟ್ಟಿದ್ದೇನೆ, ಕರೆದುಕೊಂಡು ಹೋದರೆ ತೋರಿಸುತ್ತೇನೆ."

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25, 26, 27ನೇ ಕಲಮುಗಳು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಒಟ್ಟಿಗಿವೆ. ಹಳೆಯ 27 ಅಲ್ಲಿ ಪರಂತುಕವಾಗಿ, ಅಂದರೆ ಆ ನಿಷೇಧಕ್ಕೆ ವಿನಾಯಿತಿಯಾಗಿ, ಕೂತಿದೆ. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ಸಂಗತಿ ಪತ್ತೆಯಾದರೆ, ಆ ಸಂಗತಿಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. 1947ರ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದರ ಅಳತೆ ಹೇಳಿತು. ಪತ್ತೆಯಾದ ಸಂಗತಿ ಅಂದರೆ ಬರೀ ವಸ್ತುವಲ್ಲ. ಅದು ಇದ್ದ ಜಾಗ, ಆ ಜಾಗ ಆರೋಪಿಗೆ ಗೊತ್ತಿತ್ತು ಅನ್ನುವುದು, ಇವೂ ಸೇರುತ್ತವೆ. ಆ ವಸ್ತುವಿನ ಹಿಂದಿನ ಕಥೆ ಸೇರುವುದಿಲ್ಲ.

ಹಾಗಾಗಿ ನಾನು ಪೆನ್ಸಿಲ್ ಹಿಡಿದು ಹೊಡೆದುಹಾಕುತ್ತಾ ಹೋಗುತ್ತೇನೆ. ಬೀಗ ಒಡೆದದ್ದು ಹೋಯಿತು. ಮಾರಿದ್ದು, ಹಣ ಹಂಚಿದ್ದು ಹೋಯಿತು. ಆ ಮಾತಿನಿಂದ ಏನೂ ಸಿಕ್ಕಿಲ್ಲ. ಮೂರನೇ ವಾಕ್ಯದಲ್ಲೂ "ಕದ್ದ" ಅನ್ನುವ ಪದ ಹೋಗಬೇಕು. ವಿದ್ಯಾರ್ಥಿಗಳು ತಪ್ಪುವುದು ಇಲ್ಲೇ ಜಾಸ್ತಿ. ಕೊನೆಗೆ ಉಳಿದದ್ದು ಇಷ್ಟು: "ಚೀಲವನ್ನು ಲೈನ್ ಮನೆಯ ಹಿಂದೆ ಸೌದೆ ರಾಶಿಯೊಳಗೆ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ." ತನಿಖಾಧಿಕಾರಿಯ ಮುಖ್ಯ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಇಡೀ ಹೇಳಿಕೆಯನ್ನು ಸಾಕ್ಷ್ಯವಾಗಿ ನಿಶಾನೆ ಮಾಡಿಸಲು ಹೊರಟಾಗ ನಾನು ಎದ್ದು ಆಕ್ಷೇಪಿಸಿದೆ. ಆ ಭಾಗವಷ್ಟೇ ಗುರುತಾಯಿತು.

ಆ ಒಂದು ವಾಕ್ಯವೂ ನಿಲ್ಲುತ್ತದೆಯೇ ಅಂತ ನೋಡಲು ಮಹಜರನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಹೇಳಿಕೆ ಬರೆದ ಸಮಯ ಮುಂಚೆಯೋ, ಮಹಜರಿನ ಸಮಯ ಮುಂಚೆಯೋ? ಚೀಲ ಎಲ್ಲಿದೆ ಅಂತ ಪೊಲೀಸರಿಗೆ ಬೇರೆಯವರಿಂದ ಮೊದಲೇ ಗೊತ್ತಿದ್ದರೆ ಅದು ಪತ್ತೆಯೇ ಅಲ್ಲ. ಪಂಚರು ಲೈನ್ ಮನೆಗೆ ಹೋಗಿದ್ದರೋ, ಠಾಣೆಯಲ್ಲೇ ಸಹಿ ಹಾಕಿದರೋ? ವಶಪಡಿಸಿಕೊಳ್ಳುವುದನ್ನು ವಿಡಿಯೋ ಮಾಡಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ, ಹಾಗಾಗಿ ಈಗ ವಿಡಿಯೋವನ್ನೂ ಕೇಳುತ್ತೇನೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಇರುತ್ತದೆ, ಭಾಷೆಯದು. ಆ ಹುಡುಗನಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ಕೂಲಿ, ರೇಷನ್, ರಜೆ ಕೇಳುವಷ್ಟು. ಹೇಳಿಕೆಯೋ ಅಪ್ಪಟ ಠಾಣೆ ಕನ್ನಡ, "ಸದರಿ", "ಮೇಲ್ಕಂಡ" ಸಮೇತ. ಪಾಟೀಸವಾಲಿನಲ್ಲಿ ತನಿಖಾಧಿಕಾರಿಯನ್ನು ಕೇಳಿದೆ: ಯಾವ ಭಾಷೆಯಲ್ಲಿ ಹೇಳಿದ? ಹಿಂದಿಯಲ್ಲಿ ಅಂದರು. ಕನ್ನಡಕ್ಕೆ ತಂದವರು ಯಾರು? ಠಾಣೆಯ ಸಿಬ್ಬಂದಿ. ಅವರ ಹೆಸರು ಸಾಕ್ಷಿಪಟ್ಟಿಯಲ್ಲಿದೆಯೇ? ಇಲ್ಲ. ಪರಂತುಕದ ಕೆಳಗೆ ಪ್ರತಿ ಪದಕ್ಕೂ ತೂಕ ಇರುವಾಗ, ಆರೋಪಿ ನಿಜವಾಗಿ ಆಡಿದ ಮಾತು ಯಾವುದು ಅಂತಲೇ ಗೊತ್ತಿಲ್ಲದಿದ್ದರೆ ಹೇಗೆ ಅಲ್ವಾ?

ಸಂವಿಧಾನದ 20(3)ನೇ ವಿಧಿ ಬೇರೆಯದೇ ಬಾಗಿಲು. ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅನ್ನುತ್ತದೆ ಅದು. ಅಲ್ಲಿ ಕೇಳುವುದು ಬಲವಂತ ಇತ್ತೇ ಅಂತ. 1961ರ ಕಾಠಿ ಕಾಲು ಓಘಡ್ ತೀರ್ಪಿನ ಪ್ರಕಾರ ಆರೋಪಿ ಕಸ್ಟಡಿಯಲ್ಲಿದ್ದ ಅನ್ನುವುದೊಂದರಿಂದಲೇ ಬಲವಂತ ಆಯಿತು ಅನ್ನುವಂತಿಲ್ಲ. ಆದರೆ ಹೊಡೆದು ಬಾಯಿಬಿಡಿಸಿದ್ದಾದರೆ, ಚೀಲ ಸಿಕ್ಕರೂ ಆ ಮಾತಿಗೆ 20(3) ಅಡ್ಡ ಬರುತ್ತದೆ. ಬೀಗದ ಮೇಲಿನ ಗುರುತಿಗೆ ಹೋಲಿಸಲು ಬೆರಳಚ್ಚು ತೆಗೆದರೆ ಈ ವಿಧಿ ಎತ್ತಿ ವಾದ ಮಾಡಿ ಉಪಯೋಗವಿಲ್ಲ. ಬೆರಳಚ್ಚು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತ ಅದೇ ತೀರ್ಪು ಹೇಳಿದೆ. ನಾರ್ಕೋ ಪರೀಕ್ಷೆ ಬೇರೆ. ಅದನ್ನು ಬಲವಂತವಾಗಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ನಮ್ಮ ರಾಜ್ಯದ್ದೇ ಸೆಲ್ವಿ ಪ್ರಕರಣದಲ್ಲಿ ಹೇಳಿತು.

ನಮ್ಮ ಕೇಸಿನಲ್ಲಿ ಹೊಡೆತದ ದಾಖಲೆ ಇರಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಮೊದಲು ಹಾಜರುಪಡಿಸಿದಾಗ ಹುಡುಗ ಏನೂ ದೂರಿರಲಿಲ್ಲ. ಹಾಗಾಗಿ 20(3) ವಾದವನ್ನು ನಾನು ಎಳೆಯಲಿಲ್ಲ. ಬದಲಿಗೆ ಚೀಲದ ಮೇಲೆ ನಿಂತೆ. ಮೆಣಸು ಒಣಗಿದ ಮೇಲೆ ಯಾವ ತೋಟದ್ದು ಅಂತ ಕಣ್ಣಳತೆಯಲ್ಲಿ ಹೇಳುವವರು ಯಾರು? ಚೀಲದ ಮೇಲೆ ಎಸ್ಟೇಟಿನ ಗುರುತು ಇರಲಿಲ್ಲ. ಗೋದಾಮಿನ ತೂಕದ ಪುಸ್ತಕವನ್ನು ಮಾಲೀಕರು ಹಾಜರುಪಡಿಸಿರಲಿಲ್ಲ. ಬಚ್ಚಿಟ್ಟ ಜಾಗ ಅವನಿಗೆ ಗೊತ್ತಿತ್ತು ಅನ್ನುವುದನ್ನು ಕೋರ್ಟು ಒಪ್ಪಿತು. ಅದು ಆ ಗೋದಾಮಿನದೇ ಮೆಣಸು ಅನ್ನುವುದನ್ನು ಒಪ್ಪಲಿಲ್ಲ, ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿತು. ಹೇಳಿಕೆಯಲ್ಲಿ ಹೆಸರು ಬಂದಿದ್ದ ಸ್ನೇಹಿತನ ವಿರುದ್ಧವಂತೂ ಆ ಹೇಳಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.