ನಾಲ್ಕು ಮೇಲ್ ಅಕೌಂಟು, ಒಂದೇ ಪಟ್ಟಿ: ನನ್ನ ಅನುಭವ

ನಾನು ಮನೆಯಲ್ಲೇ ಕೂತು ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಮೇಲ್ ನೋಡಲು ಬಳಸುವ ಥಂಡರ್‌ಬರ್ಡ್ ಅನ್ನುವ ತಂತ್ರಾಂಶದಲ್ಲಿ ನಾಲ್ಕು ಮೇಲ್ ಅಕೌಂಟುಗಳಿವೆ. ಒಂದು ಕೆಲಸದ್ದು, ಒಂದು ಸ್ವಂತದ್ದು. ಮೂರನೆಯದು ನಮ್ಮ ಅಪಾರ್ಟ್‌ಮೆಂಟ್ ಸಂಘದ್ದು, ಖಜಾಂಚಿ ಆಗಿದ್ದರಿಂದ ನನಗೆ ಬಂತು. ಅದರ ಪಾಸ್‌ವರ್ಡ್ ಅಧ್ಯಕ್ಷರ ಹತ್ತಿರವೂ ಇದೆ, ಕಾರ್ಯದರ್ಶಿ ಹತ್ತಿರವೂ ಇದೆ. ನಾಲ್ಕನೆಯದು ಅಮ್ಮನದು. ಪೆನ್ಷನ್, ಗ್ಯಾಸ್, ಆಸ್ಪತ್ರೆ ರಿಪೋರ್ಟು ಎಲ್ಲ ಅದಕ್ಕೇ ಬರುತ್ತದೆ, ಅವರ ಪರವಾಗಿ ನಾನು ನೋಡುತ್ತೇನೆ.

ಮೊದಲೆಲ್ಲ ನಾಲ್ಕೂ ಇನ್‌ಬಾಕ್ಸ್ ಬೇರೆ ಬೇರೆ ಇಟ್ಟುಕೊಂಡಿದ್ದೆ. ಒಂದೊಂದನ್ನೇ ತೆರೆದು ನೋಡಬೇಕು. ಕೆಲಸ ಜಾಸ್ತಿ ಇದ್ದ ವಾರ ಅಮ್ಮನ ಇನ್‌ಬಾಕ್ಸ್ ತೆರೆಯೋದೇ ಮರೆತುಹೋಗುತ್ತಿತ್ತು. ಒಮ್ಮೆ ಅವರ ರಕ್ತಪರೀಕ್ಷೆ ರಿಪೋರ್ಟು ಆರು ದಿನ ಹಾಗೇ ಬಿದ್ದಿತ್ತು. ಅವತ್ತೇ ಎಲ್ಲವನ್ನೂ ಒಂದೇ ಪಟ್ಟಿಗೆ ತಂದೆ.

ಅದು ಸುಲಭ. ಎಡಗಡೆ ಫೋಲ್ಡರ್‌ಗಳ ಪಟ್ಟಿಯ ಮೇಲೆ ಮೂರು ಚುಕ್ಕಿ ಇರುತ್ತದಲ್ಲ, ಅದನ್ನು ಒತ್ತಿದರೆ Folder Modes ಸಿಗುತ್ತದೆ. ಅಲ್ಲಿ Unified Folders ಆರಿಸಿದರೆ ನಾಲ್ಕೂ ಅಕೌಂಟಿನ ಮೇಲ್ ಒಂದೇ ಇನ್‌ಬಾಕ್ಸ್‌ನಲ್ಲಿ ಕಾಣುತ್ತದೆ. Unified Folders ಗುರುತು ತೆಗೆದು All Folders ಮಾತ್ರ ಉಳಿಸಿದರೆ ಮತ್ತೆ ಬೇರೆ ಬೇರೆ. ಒಂದು ಮಾತು ನೆನಪಿರಲಿ. ಈ ಒಟ್ಟು ಇನ್‌ಬಾಕ್ಸ್ ಬರೀ ಒಂದು ನೋಟ. ಮೇಲ್ ತನ್ನ ತನ್ನ ಅಕೌಂಟಿನಲ್ಲೇ ಇರುತ್ತದೆ, ಎಲ್ಲಿಗೂ ಹೋಗಿರುವುದಿಲ್ಲ. ಹಾಗಾಗಿ ಇಲ್ಲಿ ಅಳಿಸಿದ್ದು ನಿಜವಾದ ಅಕೌಂಟಿನಿಂದಲೇ ಅಳಿಸಿಹೋಗುತ್ತದೆ. ಇದು ನಕಲು ಪಟ್ಟಿ ಅಂದುಕೊಂಡು ಸ್ವಚ್ಛ ಮಾಡಲು ಹೋಗಬೇಡಿ.

ಒಂದು ತಿಂಗಳು ಬಹಳ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಲಿಫ್ಟ್ ಹತ್ತಿರ ಅಧ್ಯಕ್ಷರು ಸಿಕ್ಕಿ ಕೇಳಿದರು, “ಏನ್ರೀ, ಸಂಘದ ಮೇಲ್‌ಗೆ ಯಾರೋ ಪುಸ್ತಕದ ರೇಟು ಕೇಳಿ ಬರೀತಿದ್ದಾರಲ್ಲ, ನೀವು ನೋಡಿದ್ರಾ?”

ಮನೆಗೆ ಬಂದು ನೋಡಿದೆ. ಒಬ್ಬ ಪ್ರಕಾಶಕರಿಗೆ 160 ಪುಟದ ಪುಸ್ತಕಕ್ಕೆ ನಾನು ಕೊಟ್ಟ ದರಪಟ್ಟಿ ಸಂಘದ ವಿಳಾಸದಿಂದ ಹೋಗಿತ್ತು. ಅವರ ಉತ್ತರ ಸಂಘಕ್ಕೇ ಬಂದಿತ್ತು. ಆ ಉತ್ತರಕ್ಕೆ ನನ್ನ ಉತ್ತರವೂ ಸಂಘದ ವಿಳಾಸದಿಂದಲೇ. ಹೀಗೆ ನಾಲ್ಕು ಮೇಲ್ ಓಡಾಡಿದ್ದವು. ನನ್ನ ದರ, ಅವರ ಚೌಕಾಸಿ, ಎಲ್ಲವೂ ಮೂರು ಜನ ನೋಡುವ ಡಬ್ಬಿಯಲ್ಲಿ. ಪ್ರಕಾಶಕರ ಗುಟ್ಟನ್ನು ನಾನು ಕಾಪಾಡಬೇಕಿತ್ತು. ಅದು ನನಗೆ ತುಂಬಾ ನೋವು ಕೊಟ್ಟಿತು.

ಯಾಕೆ ಹೀಗಾಯಿತು ಅಂತ ಆ ರಾತ್ರಿ ಕೂತು ನೋಡಿದೆ. ಒಟ್ಟು ಇನ್‌ಬಾಕ್ಸ್‌ನಲ್ಲಿ ಬಂದ ಮೇಲ್‌ಗೆ ಉತ್ತರ ಬರೆದರೆ ತೊಂದರೆ ಇಲ್ಲ. ಯಾವ ಅಕೌಂಟಿಗೆ ಬಂದಿತ್ತೋ ಅದೇ ವಿಳಾಸ From ಸಾಲಿನಲ್ಲಿ ಬಂದು ಕೂರುತ್ತದೆ. ಹೊಸ ಮೇಲ್ ಬರೆಯಲು ಹೊರಟಾಗಲೇ ಎಡವಟ್ಟು. ಒಟ್ಟು ಇನ್‌ಬಾಕ್ಸ್ ಯಾವ ಅಕೌಂಟಿಗೂ ಸೇರಿದ್ದಲ್ಲ. ಹಾಗಾಗಿ ಅಲ್ಲಿದ್ದುಕೊಂಡು ಹೊಸ ಮೇಲ್ ತೆರೆದರೆ ಥಂಡರ್‌ಬರ್ಡ್ ಡೀಫಾಲ್ಟ್ ಅಕೌಂಟಿನ ವಿಳಾಸ ಹಾಕುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ಸೇರಿಸಿದ್ದು ಸಂಘದ ಅಕೌಂಟು, ಡೀಫಾಲ್ಟ್ ಅದೇ ಆಗಿ ಉಳಿದಿತ್ತು.

ಒಂದು ಸಲ ತಪ್ಪಿದ್ದು ನಾಲ್ಕು ಮೇಲ್‌ವರೆಗೆ ಗೊತ್ತಾಗದೇ ಇದ್ದದ್ದಕ್ಕೂ ಕಾರಣ ಈ ಒಟ್ಟು ನೋಟವೇ. ಇನ್‌ಬಾಕ್ಸ್‌ಗಳು ಬೇರೆ ಬೇರೆ ಇದ್ದಿದ್ದರೆ ಪ್ರಕಾಶಕರ ಉತ್ತರ ಸಂಘದ ಡಬ್ಬಿಯಲ್ಲಿ ಕಂಡು ಅಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಒಂದೇ ಪಟ್ಟಿಯಲ್ಲಿ ಅದು ಸರಿಯಾದ ಜಾಗಕ್ಕೇ ಬಂದ ಹಾಗೆ ಕಂಡಿತು. ಉತ್ತರಕ್ಕೆ ಉತ್ತರ ಬರೆದಾಗ ವಿಳಾಸವೂ ಅದೇ ಮುಂದುವರಿಯಿತು.

ಮೊದಲು ಆದದ್ದನ್ನು ಸರಿಮಾಡಿದೆ. ಪ್ರಕಾಶಕರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲಸದ ವಿಳಾಸದಿಂದ ಹೊಸದಾಗಿ ಒಂದು ಮೇಲ್ ಬರೆದು, ಇನ್ನು ಇದಕ್ಕೇ ಬರೆಯಿರಿ ಎಂದೆ. ಆ ಮೇಲ್‌ಗಳನ್ನು ಸಂಘದ ಇನ್‌ಬಾಕ್ಸ್‌ನಿಂದಲೂ Sent ಫೋಲ್ಡರಿನಿಂದಲೂ ಎಳೆದು ಕೆಲಸದ ಅಕೌಂಟಿಗೆ ಹಾಕಿದೆ. ಹೀಗೆ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಎಳೆದು ಹಾಕಬಹುದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆದರೂ ಒಂದೆರಡು ಸಲ ಪ್ರಕಾಶಕರ ಮೇಲ್ ಮತ್ತೆ ಸಂಘಕ್ಕೇ ಬಂತು. ನನ್ನ ಹೆಸರು ಟೈಪ್ ಮಾಡಿದ ಕೂಡಲೇ ಅವರ ಕಂಪ್ಯೂಟರ್ ಹಳೇ ವಿಳಾಸವನ್ನೇ ಮುಂದೆ ಹಿಡಿಯುತ್ತಿತ್ತು. ಅವರಿಗೆ ಹೇಳಿ ಅದನ್ನು ತೆಗೆಸಬೇಕಾಯಿತು.

ಆಮೇಲೆ ನನ್ನ ಕಡೆ ಮೂರು ಬದಲಾವಣೆ ಮಾಡಿದೆ. Account Settings ಒಳಗೆ ಕೆಲಸದ ಅಕೌಂಟನ್ನು ಆರಿಸಿ, ಕೆಳಗಿನ Account Actions ಪಟ್ಟಿಯಿಂದ Set as Default ಮಾಡಿದೆ. ಸಂಘದ ಅಕೌಂಟನ್ನು ಒಟ್ಟು ಪಟ್ಟಿಯಿಂದ ಹೊರಗಿಟ್ಟೆ. ಅದಕ್ಕೆ ಒಟ್ಟು Inbox ಮೇಲೆ ಬಲ ಕ್ಲಿಕ್ ಮಾಡಿ Properties ತೆರೆದು, Choose ಒತ್ತಿ, ಸಂಘದ ಇನ್‌ಬಾಕ್ಸ್ ಮುಂದಿನ ಗುರುತು ತೆಗೆದರೆ ಸಾಕು. ಅಮ್ಮನದು ಮಾತ್ರ ಒಳಗೇ ಇದೆ, ಅದಕ್ಕಾಗಿಯೇ ಅಲ್ವಾ ಇಷ್ಟೆಲ್ಲ ಶುರು ಮಾಡಿದ್ದು. ಮೂರನೆಯದು, ಪಟ್ಟಿಯ ತಲೆಸಾಲಿನ ಬಲತುದಿಯಲ್ಲಿರುವ ಚಿಕ್ಕ ಗುರುತನ್ನು ಒತ್ತಿ Account ಅನ್ನುವ ಕಾಲಂ ತೋರಿಸಿಕೊಂಡೆ. ಅಕೌಂಟುಗಳಿಗೆ ‘ಕೆಲಸ’, ‘ಮನೆ’, ‘ಅಮ್ಮ’ ಅಂತ ಚಿಕ್ಕ ಹೆಸರು ಕೊಟ್ಟೆ. ಉದ್ದ ಉದ್ದ ವಿಳಾಸ ಇದ್ದರೆ ಆ ಕಾಲಂ ಓದೋಕೇ ಆಗೋದಿಲ್ಲ. ಒಟ್ಟು ಇನ್‌ಬಾಕ್ಸ್‌ಗೆ ತನ್ನದೇ ಕಾಲಂಗಳ ಜೋಡಣೆ ಇರುತ್ತದೆ. ಬೇರೆ ಫೋಲ್ಡರಿನಲ್ಲಿ ಹಾಕಿದ್ದು ಇಲ್ಲಿಗೆ ತಾನಾಗಿ ಬರುವುದಿಲ್ಲ, ಇಲ್ಲಿಯೇ ಹಾಕಿಕೊಳ್ಳಬೇಕು.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಬಾಣದ ಗುರುತು. ಒಟ್ಟು Inbox ಹೆಸರಿನ ಪಕ್ಕದಲ್ಲೇ ಇರುತ್ತದೆ. ಅದನ್ನು ಒತ್ತಿದರೆ ಕೆಳಗೆ ಒಂದೊಂದು ಅಕೌಂಟಿನ ಇನ್‌ಬಾಕ್ಸ್ ಬಿಚ್ಚಿಕೊಳ್ಳುತ್ತದೆ. ‘ಕೆಲಸ’ ಒತ್ತಿದರೆ ಕೆಲಸದ್ದು ಮಾತ್ರ, ಮೇಲಿನ Inbox ಒತ್ತಿದರೆ ಎಲ್ಲವೂ. ನೋಟ ಬದಲಿಸಲು ಪ್ರತಿ ಸಲ Folder Modes ಹತ್ತಿರ ಹೋಗಬೇಕಾಗಿಯೇ ಇಲ್ಲ. ಅಷ್ಟೇ ಅಲ್ಲ, ‘ಅಮ್ಮ’ ಮೇಲೆ ಕ್ಲಿಕ್ ಮಾಡಿ ಹೊಸ ಮೇಲ್ ತೆರೆದರೆ From ಸಾಲಿನಲ್ಲಿ ಅಮ್ಮನ ವಿಳಾಸವೇ ಇರುತ್ತದೆ.

ಈಗ ಬೆಳಿಗ್ಗೆ ಕಾಫಿ ಹೊತ್ತಿಗೆ ಒಟ್ಟು ಪಟ್ಟಿ ನೋಡುತ್ತೇನೆ. ಓದಿ, ಬೇಡದ್ದನ್ನು ಅಳಿಸಿ, ಬಂದದ್ದಕ್ಕೆ ಒಂದೆರಡು ಸಾಲು ಉತ್ತರ ಬರೆಯುತ್ತೇನೆ. ಅಲ್ಲಿಂದ ಹೊಸ ಮೇಲ್ ಬರೆಯುವುದಿಲ್ಲ. ಹತ್ತು ಗಂಟೆಗೆ ‘ಕೆಲಸ’ ಒತ್ತಿದರೆ ಮಧ್ಯಾಹ್ನದವರೆಗೆ ಅದೊಂದೇ ನನ್ನ ಮುಂದೆ. ಯಾವ ಅಕೌಂಟಿಗೆ ಬಂತೋ ನೆನಪಿಲ್ಲದ ಬಿಲ್ ಹುಡುಕಬೇಕಾದರೆ ಮಾತ್ರ ಮತ್ತೆ ಒಟ್ಟು ಪಟ್ಟಿಗೆ ಹೋಗಿ Ctrl+Shift+K ಒತ್ತಿ ಹೆಸರು ಹಾಕುತ್ತೇನೆ.

ಫೋನಿನ ಜಿಮೇಲ್ ಆ್ಯಪ್‌ನಲ್ಲೂ ಇದೇ ಎಚ್ಚರ ಬೇಕು. ಅಲ್ಲಿ All inboxes ಇದೆ, ಚೆನ್ನಾಗಿಯೂ ಇದೆ. ಹೊಸ ಮೇಲ್ ಬರೆಯುವಾಗ ಮಾತ್ರ From ಸಾಲನ್ನು ಒಮ್ಮೆ ನೋಡಿ. ತಪ್ಪಿದ್ದರೆ ಅದನ್ನು ಮುಟ್ಟಿ ಬದಲಿಸಬಹುದು.

ಸಂಘದ ಇನ್‌ಬಾಕ್ಸ್ ಈಗ All Folders ಕೆಳಗೆ ಒಂಟಿಯಾಗಿದೆ. ಎರಡೂ ನೋಟಕ್ಕೆ ಒಟ್ಟಿಗೆ ಗುರುತು ಹಾಕಿಟ್ಟಿದ್ದೇನೆ, ಮೇಲೆ ಒಟ್ಟು ಪಟ್ಟಿ, ಕೆಳಗೆ ಬಿಡಿ ಅಕೌಂಟುಗಳು. ರಾತ್ರಿ ಊಟ ಆದ ಮೇಲೆ ಸಂಘದ್ದನ್ನು ತೆರೆದು ಮೇಂಟೆನೆನ್ಸ್ ರಸೀದಿಗಳಿಗೆ ಉತ್ತರ ಹಾಕಿ ಮುಚ್ಚುತ್ತೇನೆ.