ಅರ್ಧಕ್ಕೆ ನಿಲ್ಲುವ ಶಟರ್: ತೊಡಕು ಎಲ್ಲಿದೆ ಎಂದು ಅಳೆದು ಕಂಡುಕೊಂಡದ್ದು

ನನ್ನ ಅಂಗಡಿಯ ಶಟರ್ ಮೇಲೆತ್ತುವಾಗ ಸೊಂಟದಿಂದ ಸ್ವಲ್ಪ ಮೇಲೆ ಬಂದು ನಿಂತುಬಿಡುತ್ತಿತ್ತು. ಎಡಬಲಕ್ಕೆ ಅಲುಗಾಡಿಸಿದರೆ ಟಕ್ ಎಂದು ದಾಟಿ ಮೇಲೆ ಹೋಗುತ್ತಿತ್ತು. ಹೀಗಾದಾಗ ಎಲ್ಲರೂ ಕೊಡುವ ಮೊದಲ ಸಲಹೆ ಎಣ್ಣೆ ಬಿಡಿ ಎಂಬುದು. ಎರಡನೆಯದು ಸ್ಪ್ರಿಂಗ್ ಹೋಗಿದೆ ಎಂಬುದು. ನಾನು ಎರಡನ್ನೂ ಒಪ್ಪಲಿಲ್ಲ. ಅದು ನಿಲ್ಲುತ್ತಿದ್ದುದು ಪ್ರತಿಸಲವೂ ಒಂದೇ ಎತ್ತರದಲ್ಲಿ.

ಸ್ಪ್ರಿಂಗ್ ಸಡಿಲವಾದರೆ ಶಟರ್ ಎಲ್ಲ ಎತ್ತರದಲ್ಲೂ ಭಾರವಾಗಿರುತ್ತದೆ, ಕೈಬಿಟ್ಟರೆ ಕೆಳಗಿಳಿಯುತ್ತದೆ. ಎರಡೂ ಬದಿಯಲ್ಲಿ ಶಟರಿನ ತುದಿ ಓಡುವ ಗೈಡ್ ಚಾನಲಿನಲ್ಲಿ ಧೂಳು ಕಟ್ಟಿದ್ದರೆ ಉದ್ದಕ್ಕೂ ಉಜ್ಜುತ್ತದೆ. ಒಂದೇ ಜಾಗದಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಎರಡು ದೋಷಗಳು ಒಂದಕ್ಕೊಂದು ಎದುರಾಗಬೇಕು. ಒಂದು ಚಾನಲಿನಲ್ಲಿ ಕದಲದೆ ಇರುವಂಥದ್ದು: ತಗ್ಗಾದ ಅಂಚು, ಎದ್ದುನಿಂತ ಸ್ಕ್ರೂ. ಇನ್ನೊಂದು ಶಟರಿನ ಜೊತೆ ಚಲಿಸುವಂಥದ್ದು: ಬಾಗಿದ ಪಟ್ಟಿ, ಪಕ್ಕಕ್ಕೆ ಸರಿದ ಪಟ್ಟಿ, ಪೂರ್ತಿ ಒಳಗೆಳೆಯದ ಚಿಲಕ. ಆದ್ದರಿಂದ ಶಟರಿನ ಕೆಳತುದಿ ನಿಂತ ಜಾಗದಲ್ಲೇ ತೊಂದರೆ ಇದೆ ಎಂದು ಹುಡುಕುವುದು ಬಹಳ ಸಲ ವ್ಯರ್ಥ.

ಮೊದಲು ಶಟರ್ ನಿಂತಲ್ಲೇ ಎರಡೂ ಬದಿಗೆ ಮರದ ಊರೆ ಕೊಟ್ಟೆ. ಸಿಕ್ಕಿಕೊಂಡ ಶಟರ್ ಯಾವಾಗ ಬಿಡಿಸಿಕೊಂಡು ಕೆಳಗೆ ಬೀಳುತ್ತದೆ ಎಂದು ಹೇಳಲಾಗದು. ಒಂದೇ ಬದಿಗೆ ಊರೆ ಕೊಟ್ಟರೆ ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ. ನಂತರ ಟೇಪ್ ಹಿಡಿದು ನೆಲದಿಂದ ಕೆಳತುದಿಗೆ ಅಳೆದೆ. ಬಲಗಡೆ 110 ಸೆಂ.ಮೀ., ಎಡಗಡೆ 112. ಅಂದರೆ ಸಿಕ್ಕಿಕೊಂಡಿರುವುದು ಬಲಬದಿ, ಎಡಬದಿ ಮಾತ್ರ ಚೂರು ಮುಂದೆ ಹೋಗಿದೆ. ಊರೆ ತೆಗೆದು, ಅಲುಗಾಡಿಸಿ ಮೇಲೆ ದಾಟಿಸಿ, ಮೆಲ್ಲಗೆ ಕೆಳಗಿಳಿಸುತ್ತ ಬಂದೆ. ಇಳಿಯುವಾಗಲೂ ನಿಂತಿತು, ಆದರೆ ಈ ಸಲ ಬಲಗಡೆಯ ಅಳತೆ 118.

ಈ ವ್ಯತ್ಯಾಸವೇ ದಾರಿ ತೋರಿಸಿತು. ನನ್ನ ಶಟರಿನ ಒಂದೊಂದು ಪಟ್ಟಿಯ ಅಗಲ 7.5 ಸೆಂ.ಮೀ. ಏರುವಾಗ ಪಟ್ಟಿಯ ಮೇಲಂಚು ತಗಲುತ್ತದೆ, ಇಳಿಯುವಾಗ ಅದೇ ಪಟ್ಟಿಯ ಕೆಳಂಚು ತಗಲುತ್ತದೆ. ಎರಡು ನಿಲುಗಡೆಗಳ ನಡುವೆ ಹೆಚ್ಚುಕಡಿಮೆ ಒಂದು ಪಟ್ಟಿಯಷ್ಟೇ ಅಂತರವಿದ್ದರೆ ಕೆಟ್ಟಿರುವುದು ಒಂದೇ ಪಟ್ಟಿ, ಅದು ಒಂದು ಸಣ್ಣ ಮೊನೆಗೆ ತಗಲುತ್ತಿದೆ ಎಂದರ್ಥ.

ಇನ್ನು ಯಾವ ಪಟ್ಟಿ ಎಂಬ ಪ್ರಶ್ನೆ. ಶಟರನ್ನು ನೆಲಕ್ಕಿಳಿಸಿ ಎಡ ಚಾನಲಿನ ಪಕ್ಕ ಕುಳಿತು, ಟಾರ್ಚ್ ಬಿಟ್ಟು, ಪಟ್ಟಿಗಳ ತುದಿ ಒಳಗೆ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿದೆ. ಲಾಕ್ ಇರುವ ಕೆಳಪಟ್ಟಿಯ ಮೇಲಿನಿಂದ ಎಣಿಸಿದರೆ ಆರನೆಯದರ ತುದಿ ಮಿಕ್ಕವುಗಳಿಗಿಂತ ಒಂದೂವರೆ ಸೆಂ.ಮೀ. ಹಿಂದೆ ಉಳಿದಿತ್ತು. ಎಡಗಡೆ ಕಡಿಮೆಯಾದದ್ದು ಬಲಗಡೆ ಹೆಚ್ಚಾಗಿರಲೇಬೇಕು. ಕೆಳಪಟ್ಟಿ 10 ಸೆಂ.ಮೀ., ಅದರ ಮೇಲೆ ಆರು ಪಟ್ಟಿ ಸೇರಿ 45. 110ಕ್ಕೆ ಕೂಡಿಸಿದರೆ 165. ಶಟರನ್ನು ಪೂರ್ತಿ ಎತ್ತಿ, ಬಲ ಚಾನಲಿನೊಳಗೆ ನೆಲದಿಂದ 165 ಸೆಂ.ಮೀ. ಎತ್ತರದಲ್ಲಿ ಬೆರಳಾಡಿಸಿದೆ. ಚಾನಲನ್ನು ಗೋಡೆಗೆ ಬಿಗಿದ ಸ್ಕ್ರೂ ಸಡಿಲವಾಗಿ, ಅದರ ತಲೆ ಹೊರಗೆ ಬಂದಿತ್ತು, ತಿಕ್ಕಾಟದಿಂದ ಹೊಳೆಯುತ್ತಿತ್ತು. ಮಿಕ್ಕ ಪಟ್ಟಿಗಳ ತುದಿ ಅಷ್ಟು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಅವು ಸ್ಕ್ರೂವನ್ನು ಮುಟ್ಟದೆ ಸಾಗುತ್ತಿದ್ದವು. ಲೆಕ್ಕ ಹೀಗೆ ತಾಳೆಯಾದಾಗ ಆಗುವ ಖುಷಿಯೇ ಬೇರೆ, ನಿಜ ಹೇಳುತ್ತೇನೆ.

ಸ್ಕ್ರೂವಿನ ಕೆಲಸ ಸಣ್ಣದು. ಗೋಡೆಯೊಳಗಿನ ಪ್ಲಗ್ ಪುಡಿಯಾಗಿತ್ತು. ಹೊಸ ಪ್ಲಗ್ ಹಾಕಿ, ತಲೆ ಚಾನಲಿನ ಮೈಗೆ ಸಮನಾಗಿ ಕೂರುವ ಚಪ್ಪಟೆ ಸ್ಕ್ರೂ ಬಿಗಿದೆ. ಗುಂಡು ತಲೆಯದನ್ನು ಹಾಕಿದರೆ ಅದೇ ತೊಂದರೆ ಮತ್ತೆ ಬರುತ್ತದೆ.

ಪಟ್ಟಿಯ ಕೆಲಸಕ್ಕೆ ತಾಳ್ಮೆ ಬೇಕು. ಶಟರಿನ ಪಟ್ಟಿಗಳು ಒಂದರ ಸುರುಳಿ ಅಂಚಿನೊಳಗೆ ಇನ್ನೊಂದರ ಅಂಚು ತೂರಿ ಜೋಡಿಸಿದವು. ಅವು ಪಕ್ಕಕ್ಕೆ ಸರಿಯದಂತೆ ತುದಿಯಲ್ಲಿ ಕ್ಲಿಪ್ ಇರುತ್ತದೆ, ಇಲ್ಲವೇ ಸುರುಳಿಯನ್ನು ಒತ್ತಿ ಚಪ್ಪಟೆ ಮಾಡಿರುತ್ತಾರೆ. ಆರನೆಯದರಲ್ಲಿ ಎರಡೂ ಇರಲಿಲ್ಲ. ಚಾನಲಿನೊಳಗಿರುವಾಗ ಅದರ ತುದಿಗೆ ಸುತ್ತಿಗೆ ತಲುಪುವುದಿಲ್ಲ. ಪೂರ್ತಿ ಎತ್ತಿದಾಗ ಅದು ಚಾನಲಿನ ಮೇಲ್ಬಾಯಿಯಿಂದ ಹೊರಗೆ ಬರುತ್ತದೆ. ಎರಡೂ ಬದಿಗೆ ಉದ್ದನೆಯ ಊರೆ ಕೊಟ್ಟು, ತಮ್ಮನನ್ನು ಏಣಿಯ ಬುಡದಲ್ಲಿ ನಿಲ್ಲಿಸಿ, ಮೇಲಿನ ಪೆಟ್ಟಿಗೆಯ ತಗಡು ಬಿಚ್ಚಿದೆ. ತುದಿಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಅದನ್ನು ಎಡಕ್ಕೆ ಸರಿಸಿದೆ. ನೇರ ಕಬ್ಬಿಣದಿಂದ ಹೊಡೆದರೆ ತುದಿ ಮಡಚಿ ಹೊಸ ತೊಡಕಾಗುತ್ತದೆ. ಆಮೇಲೆ ಎರಡೂ ತುದಿಗಳಲ್ಲಿ ಸುರುಳಿಯ ಕೊನೆಯ ಒಂದು ಸೆಂ.ಮೀ. ಮಾತ್ರ ಇಕ್ಕಳದಿಂದ ಒತ್ತಿದೆ. ಹೆಚ್ಚು ಒತ್ತಿದರೆ ಕೀಲು ಮಡಚಿಕೊಳ್ಳುವುದಿಲ್ಲ, ಪೈಪಿನ ಮೇಲೆ ಸುತ್ತಿಕೊಳ್ಳುವಾಗ ಉಬ್ಬುತ್ತದೆ.

ಆ ಪೆಟ್ಟಿಗೆಯೊಳಗೆ ಪೈಪು, ಸ್ಪ್ರಿಂಗ್, ಪೈಪನ್ನು ಬ್ರಾಕೆಟ್ಟಿಗೆ ಹಿಡಿದ ಕ್ಲಾಂಪ್ ಎಲ್ಲವೂ ಕೈಗೆಟುಕುವಂತೆ ಕಾಣುತ್ತವೆ. ಕ್ಲಾಂಪಿನ ನಟ್ಟಿಗೆ ನಾನು ಸ್ಪ್ಯಾನರ್ ತಾಗಿಸಲಿಲ್ಲ. ಶಟರ್ ಇಳಿಯುತ್ತ ಹೋದಂತೆ ಸ್ಪ್ರಿಂಗ್ ಬಿಗಿಯುತ್ತದೆ, ಪೂರ್ತಿ ಮೇಲಿದ್ದಾಗ ಬಿಗುವು ಅತಿ ಕಡಿಮೆ. ಆದರೂ ನಟ್ ಸಡಿಲಿಸಿದರೆ, ಉಳಿದಿರುವ ಬಿಗುವು ಪೈಪನ್ನು ಒಮ್ಮೆಲೇ ತಿರುಗಿಸಿ, ಹಿಡಿದ ಸ್ಪ್ಯಾನರನ್ನು ಕೈಯಿಂದ ಕಿತ್ತೆಸೆಯಲು ಸಾಕು.

ಸಿಕ್ಕಿಕೊಳ್ಳುವುದು ನಿಂತ ಮೇಲೆ ಸ್ಪ್ರಿಂಗನ್ನು ಪರೀಕ್ಷಿಸಿದೆ. ಅದಕ್ಕೂ ಮೊದಲು ಪರೀಕ್ಷಿಸಿದರೆ ಉಜ್ಜಾಟವೇ ಶಟರನ್ನು ಹಿಡಿದಿಟ್ಟು ಮೋಸ ಮಾಡುತ್ತದೆ. ಅರ್ಧಕ್ಕೆ ಎತ್ತಿ, ಅಂಗೈಯನ್ನು ಕೆಳಗಿಂದ ತಾಗಿಸಿಕೊಂಡೇ ಹಿಡಿತ ಸಡಿಲಿಸಿದೆ. ಅದು ನಿಧಾನವಾಗಿ ಕೆಳಗೆ ಸರಿಯಿತು; ಸರಿಯಾಗಿರುವ ಶಟರ್ ಅಲ್ಲೇ ನಿಲ್ಲಬೇಕು. ಎರಡೂ ಬದಿ ಸಮನಾಗಿ ಇಳಿದದ್ದರಿಂದ ಯಾವ ಸ್ಪ್ರಿಂಗೂ ತುಂಡಾಗಿಲ್ಲ, ಬಿಗುವು ಸ್ವಲ್ಪ ತಗ್ಗಿದೆ ಎಂದುಕೊಂಡೆ. ಈ ಕೆಲಸವನ್ನು ಶಟರ್ ರಿಪೇರಿಯವರಿಗೆ ಬಿಟ್ಟೆ. ಇಬ್ಬರು ಬಂದರು. ಶಟರನ್ನು ಪೂರ್ತಿ ಎತ್ತಿ ಕಟ್ಟಿ, ಒಬ್ಬರು ಪೈಪ್ ರೆಂಚಿನಿಂದ ಪೈಪನ್ನು ಹಿಡಿದಿರುವಾಗ ಇನ್ನೊಬ್ಬರು ಕ್ಲಾಂಪ್ ಸಡಿಲಿಸಿ, ಒಂದು ಸುತ್ತಿಗೂ ಕಡಿಮೆ ತಿರುಗಿಸಿ ಮತ್ತೆ ಬಿಗಿದರು. ‘ಇನ್ನೂ ಸ್ವಲ್ಪ ಹಗುರ ಮಾಡಿ ಅಣ್ಣಾ’ ಎಂದೆ. ‘ಹೆಚ್ಚು ಬಿಗಿದರೆ ಕೆಳಗೆ ಕೂರುವುದಿಲ್ಲ ಸಾರ್, ಬೀಗ ಹಾಕುವಾಗ ಕಾಲಲ್ಲಿ ಒತ್ತಿ ಹಿಡಿಯಬೇಕಾಗುತ್ತದೆ’ ಎಂದರು. ಅದು ಸರಿ.

ಉಳಿದದ್ದು ಚಿಲಕ. ಬಲಗಡೆಯ ಚಿಲಕ ಚಾನಲಿನ ತೂತಿಗೆ ಸರಿಯಾಗಿ ಸೇರದೆ ಬಹಳ ಕಾಲದಿಂದ ಕಾಡುತ್ತಿತ್ತು, ತೂತನ್ನು ಅರದಿಂದ ದೊಡ್ಡದು ಮಾಡುವ ಯೋಚನೆಯೂ ಇತ್ತು. ಪಟ್ಟಿ ತನ್ನ ಜಾಗಕ್ಕೆ ಬಂದು ಶಟರ್ ಸಮನಾಗಿ ಕುಳಿತ ಮೇಲೆ ಅದು ತಾನಾಗಿಯೇ ಸೇರಿತು. ಎಡಗಡೆಯದು ಮಾತ್ರ ಎರಡು ಮಿ.ಮೀ.ನಷ್ಟು ಮೇಲೆ ತಾಗುತ್ತಿತ್ತು. ಅಲ್ಲಿ ತೂತಿನ ಮೇಲಂಚನ್ನು ಅಷ್ಟೇ ಅರೆದೆ, ಚಿಲಕದ ಸರಳನ್ನು ಮುಟ್ಟಲಿಲ್ಲ. ಸರಳು ಸವೆದರೆ ಬೀಗದ ಬಲ ಹೋಗುತ್ತದೆ.

ಚಾನಲಿಗೆ ಎಣ್ಣೆ ಬಿಡಲೇ ಇಲ್ಲ. ಬೀದಿಯ ಧೂಳು ಎಣ್ಣೆಗೆ ಅಂಟಿ ಕಪ್ಪು ಲೇಪವಾಗಿ ಗಟ್ಟಿಯಾಗುತ್ತದೆ, ಗ್ರೀಸಂತೂ ಇನ್ನೂ ಬೇಗ. ಒಣ ಬ್ರಷ್‌ನಿಂದ ಕೆಳಗಿನ ಮೂಲೆಯವರೆಗೆ ಕೆರೆದು, ಒಳಮೈಗೆ ಮೇಣದಬತ್ತಿ ತಿಕ್ಕಿದ್ದೇನೆ. ಮಳೆಗಾಲದ ನಂತರ ಮತ್ತೊಮ್ಮೆ ತಿಕ್ಕಬೇಕಾಗುತ್ತದೆ.